ಬಾಕಿ ದುಡ್ಡು ಯಾವ ವಾರ ಬರುತ್ತದೆ?

ಬೆಂಗಳೂರಿನ ಪೀಣ್ಯದಲ್ಲಿ ನಾಲ್ಕು ಸಿಎನ್‌ಸಿ ಮೆಷಿನ್ನು, ಒಂಬತ್ತು ಜನ ಕೆಲಸಗಾರರು ಇರುವ ಒಂದು ಟರ್ನಿಂಗ್ ವರ್ಕ್‌ಶಾಪು ಇದೆ ಎಂದುಕೊಳ್ಳಿ. ಉಕ್ಕಿನ ರಾಡು ತಂದು, ಕತ್ತರಿಸಿ, ತಿರುಗಿಸಿ, ಪಂಪು ಮತ್ತು ವಾಲ್ವಿಗೆ ಬೇಕಾದ ಶಾಫ್ಟು, ಬುಷ್ಷು ಮಾಡಿಕೊಡುವ ಜಾಗ. ಇಂಥ ಹತ್ತಾರು ಶೆಡ್ಡುಗಳಲ್ಲಿ ನಡೆಯುವ ಲೆಕ್ಕವನ್ನೇ ಒಟ್ಟುಗೂಡಿಸಿ ಈ ವರ್ಕ್‌ಶಾಪನ್ನು ನಾನು ಕಟ್ಟಿದ್ದೇನೆ. ಅಂಕಿಗಳು ಉದಾಹರಣೆಗಾಗಿ ಹೊಂದಿಸಿದವು, ತಾರೀಕುಗಳು ಮಾತ್ರ 2024ರ ಅಕ್ಟೋಬರಿನ ನಿಜವಾದ ಕ್ಯಾಲೆಂಡರಿನವು.

ಸೆಪ್ಟೆಂಬರ್ 30ರ ಸಂಜೆ ಟ್ಯಾಲಿ ತೆರೆದು ನೋಡಿದರೆ ಪಾರ್ಟಿಗಳಿಂದ ಬರಬೇಕಾದ ಬಾಕಿ 20,10,000 ರೂಪಾಯಿ. ಬ್ಯಾಂಕಿನಲ್ಲಿ 1,85,000 ಇದೆ. ಅಕ್ಟೋಬರಿನಲ್ಲಿ ಕೊಡಬೇಕಾದದ್ದನ್ನೆಲ್ಲ ಕೂಡಿದರೆ 9,94,000. ಬರಬೇಕಾದದ್ದು ಕೊಡಬೇಕಾದದ್ದರ ಎರಡರಷ್ಟಿದೆ, ಹೆದರುವಂಥದ್ದೇನಿಲ್ಲ ಎಂದು ಮಾಲೀಕರು ಲ್ಯಾಪ್‌ಟಾಪ್ ಮುಚ್ಚಬಹುದು. ಆದರೆ ಇದೇ ವರ್ಕ್‌ಶಾಪು ಅಕ್ಟೋಬರ್ 10ರಂದು, ಆಯುಧಪೂಜೆಯ ಹಿಂದಿನ ದಿನ, ಮೂರು ಲಕ್ಷ ರೂಪಾಯಿ ಕೊರತೆಯಲ್ಲಿ ನಿಲ್ಲುತ್ತದೆ. ಅದು ಹೇಗೆ, ಅದನ್ನು ಹತ್ತು ದಿನ ಮೊದಲೇ ಕಾಣುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಬಾಕಿಯ ವಯಸ್ಸಿನ ಪಟ್ಟಿಯನ್ನು ಅಕೌಂಟ್ಸ್‌ನವರು ಏಜಿಂಗ್ ರಿಪೋರ್ಟು ಎನ್ನುತ್ತಾರೆ. ನಮ್ಮ ವರ್ಕ್‌ಶಾಪಿನ ಪಟ್ಟಿ ಹೀಗಿದೆ: 30 ದಿನದೊಳಗಿನ ಬಿಲ್ಲು 8,26,000, 31ರಿಂದ 60 ದಿನದ್ದು 8,30,000, 61ರಿಂದ 90 ದಿನದ್ದು 1,00,000, ಅದಕ್ಕೂ ಹಳೆಯದು 2,54,000. ಈ ಪಟ್ಟಿ ಹೇಳುವುದು ಬಿಲ್ಲು ಎಷ್ಟು ಹಳೆಯದು ಎಂದಷ್ಟೇ. ಯಾವಾಗ ಬರುತ್ತದೆ ಎಂದು ಅದು ಹೇಳುವುದಿಲ್ಲ. 31ರಿಂದ 60ರ ಸಾಲಿನಲ್ಲಿರುವ 8,30,000 ನಾಳೆಯೂ ಬರಬಹುದು, ತಿಂಗಳ ಕೊನೆಗೂ ಬರಬಹುದು. ವಾರದ ಲೆಕ್ಕ ಬೇಕಾದವರು ಈ ಸಾಲುಗಳನ್ನು ಒಡೆದು, ಒಂದೊಂದು ಬಿಲ್ಲನ್ನೂ ಕೈಗೆ ತೆಗೆದುಕೊಳ್ಳಲೇಬೇಕು. ಸಣ್ಣ ವರ್ಕ್‌ಶಾಪಿನಲ್ಲಿ ಬಾಕಿ ಬಿಲ್ಲು ಇಪ್ಪತ್ತು ಮೂವತ್ತು ಇರುತ್ತವೆ, ಅಷ್ಟೆ. ಅದು ಒಂದು ಗಂಟೆಯ ಕೆಲಸ.

ಅದಕ್ಕೂ ಮೊದಲು ಪಟ್ಟಿ ಸರಿಯಿದೆಯೇ ನೋಡಬೇಕು. ಪಾರ್ಟಿ ಯಾವ ಬಿಲ್ಲಿಗೆ ಎಂದು ಹೇಳದೆ ದುಂಡಗೆ 50,000 ಹಾಕಿದಾಗ ಅಕೌಂಟೆಂಟು ಅದನ್ನು ‘ಆನ್ ಅಕೌಂಟ್’ ಎಂದು ಬರೆದು ಮುಂದೆ ಹೋಗಿರುತ್ತಾರೆ. ದುಡ್ಡು ಬಂದಿದ್ದರೂ ಹಳೆಯ ಬಿಲ್ಲು ಪಟ್ಟಿಯಲ್ಲಿ ಹಾಗೇ ಬಾಕಿ ಎಂದು ಕೂತಿರುತ್ತದೆ. ರಿಜೆಕ್ಷನ್ ಆದ ಮಾಲಿಗೆ ಪಾರ್ಟಿ ಕಳಿಸಿದ ಡೆಬಿಟ್ ನೋಟು ಡ್ರಾಯರಿನಲ್ಲೇ ಉಳಿದಿದ್ದರೆ ಆ ಮೊತ್ತವೂ ಬರುವ ದುಡ್ಡಿನ ಲೆಕ್ಕದಲ್ಲಿ ಸೇರಿಕೊಂಡಿರುತ್ತದೆ. ಪಾರ್ಟಿಯಿಂದ ಲೆಡ್ಜರ್ ತರಿಸಿ ನಮ್ಮದರ ಜೊತೆ ತಾಳೆ ನೋಡದೆ ಮುಂದಿನ ಲೆಕ್ಕಕ್ಕೆ ಇಳಿದರೆ ಅಡಿಪಾಯವೇ ತಪ್ಪು. ಜೊತೆಗೆ, ವಯಸ್ಸನ್ನು ಬಿಲ್ಲಿನ ತಾರೀಕಿನಿಂದ ಎಣಿಸಬೇಕೋ ಗಡುವಿನ ತಾರೀಕಿನಿಂದ ಎಣಿಸಬೇಕೋ ಎಂದು ಟ್ಯಾಲಿ ಕೇಳುತ್ತದೆ. ಇಲ್ಲಿ ಬೇಕಾದದ್ದು ಬಿಲ್ಲಿನ ತಾರೀಕು. ಗಡುವು ಎಂಬುದು ನಮ್ಮ ಆಸೆ, ಅದನ್ನು ಪಾರ್ಟಿ ಎಷ್ಟು ಪಾಲಿಸುತ್ತಾರೆ ಎಂಬುದು ಬೇರೆಯೇ ಲೆಕ್ಕ.

ಈಗ ಪಾರ್ಟಿಗಳನ್ನು ನೋಡೋಣ. ನಮ್ಮ ವರ್ಕ್‌ಶಾಪಿಗೆ ಬಾಕಿ ಇರುವವರು ನಾಲ್ವರು, ನಾಲ್ವರದೂ ನಾಲ್ಕು ಸ್ವಭಾವ.

ಸುಲಭದವರಿಂದ ಶುರು ಮಾಡುತ್ತೇನೆ. ಒಂದು ಮಧ್ಯಮ ಗಾತ್ರದ ವಾಲ್ವ್ ಕಂಪನಿ, ಕ್ರೆಡಿಟ್ 30 ದಿನ. ಅವರ ಹಿಂದಿನ ಹತ್ತು ಬಿಲ್ಲು ತೆಗೆದು, ಬಿಲ್ಲಿನ ತಾರೀಕಿನಿಂದ ಬ್ಯಾಂಕಿಗೆ ದುಡ್ಡು ಬಿದ್ದ ತಾರೀಕಿನವರೆಗೆ ದಿನ ಎಣಿಸಿದರೆ 35, 36, 36, 37, 38, 38, 39, 40, 40, 46 ಎಂದು ಬಂತು. ಸರಾಸರಿ ಮೂವತ್ತೆಂಟೂವರೆ ದಿನ. ಆದರೆ ಸರಾಸರಿಯನ್ನು ನಂಬಿ ಸಂಬಳದ ದಿನ ಗೊತ್ತು ಮಾಡಬಾರದು. ಸರಾಸರಿಗಿಂತ ತಡವಾಗಿ ಬಂದ ಬಿಲ್ಲುಗಳೂ ಅದರಲ್ಲಿ ನಾಲ್ಕಿವೆ. ಹತ್ತರಲ್ಲಿ ಒಂಬತ್ತು ಬಿಲ್ಲು 40 ದಿನದೊಳಗೆ ಬಂದಿವೆ, ಹಾಗಾಗಿ ಅವರಿಗೆ 40 ದಿನ ಎಂದು ಹಿಡಿಯುವುದು ಕ್ಷೇಮ. ಆಗಸ್ಟ್ 28ರ ಬಿಲ್ಲು 1,40,000 ಅಕ್ಟೋಬರ್ 7ಕ್ಕೆ, ಸೆಪ್ಟೆಂಬರ್ 18ರ ಬಿಲ್ಲು 1,60,000 ಅಕ್ಟೋಬರ್ 28ಕ್ಕೆ.

ಎರಡನೆಯವರು ದೊಡ್ಡವರು, ಪಂಪು ತಯಾರಿಸುವ ಕಂಪನಿ. ವರ್ಕ್‌ಶಾಪಿನ ಅರ್ಧಕ್ಕಿಂತ ಹೆಚ್ಚು ಬಾಕಿ, 11,20,000, ಇವರೊಬ್ಬರದೇ. ಪರ್ಚೇಸ್ ಆರ್ಡರಿನಲ್ಲಿ 45 ದಿನ ಎಂದಿದೆ. ಆದರೆ ಇವರ ಹಿಂದಿನ ಬಿಲ್ಲುಗಳನ್ನು ಎಣಿಸಿದರೆ 58ರಿಂದ 71 ದಿನದವರೆಗೆ ಹರಡಿಕೊಂಡಿವೆ. ಹರಡಿಕೊಂಡಿದ್ದಕ್ಕೆ ಕಾರಣ ಗೊತ್ತಾಗದೆ ಸರಾಸರಿ ಹಾಕುವುದು ವ್ಯರ್ಥ. ಕಾರಣ ಹುಡುಕಿದರೆ ತಾರೀಕು ಸಿಗುತ್ತದೆ.

ಇಂಥ ಕಂಪನಿಗೆ ಬಿಲ್ಲು ತಲುಪಿದ ದಿನದಿಂದ ಎಣಿಕೆ ಶುರುವಾಗುವುದಿಲ್ಲ. ಮಾಲು ಗೇಟಿನಲ್ಲಿ ಇಳಿದು, ಇನ್‌ಸ್ಪೆಕ್ಷನ್ ಆಗಿ, ಸ್ಟೋರಿನವರು ಜಿಆರ್‌ಎನ್ ಹಾಕಿದ ದಿನದಿಂದ ಶುರು. ಅದಕ್ಕೆ ಒಂದು ವಾರ ಹಿಡಿಯುತ್ತದೆ. ಅಲ್ಲಿಂದ 45 ದಿನ ಆದ ಮೇಲೂ ಮರುದಿನ ದುಡ್ಡು ಬರುವುದಿಲ್ಲ, ಏಕೆಂದರೆ ಅವರು ಸಪ್ಲೈಯರ್‌ಗಳಿಗೆ ದುಡ್ಡು ಬಿಡುವುದು ತಿಂಗಳ ಎರಡನೇ ಮತ್ತು ನಾಲ್ಕನೇ ಶುಕ್ರವಾರ ಮಾತ್ರ. ಆ ಶುಕ್ರವಾರದೊಳಗೆ 45 ದಿನ ತುಂಬಿದ ಬಿಲ್ಲು ಲಿಸ್ಟಿಗೆ ಸೇರುತ್ತದೆ. ಒಂದು ದಿನ ತಪ್ಪಿದರೂ ಮುಂದಿನ ಲಿಸ್ಟಿಗೆ.

ಆಗಸ್ಟ್ 8ರ ಬಿಲ್ಲು 3,20,000 ತೆಗೆದುಕೊಳ್ಳಿ. ನಡುವೆ ಸ್ವಾತಂತ್ರ್ಯ ದಿನದ ರಜೆ ಬಂದು ಜಿಆರ್‌ಎನ್ ಆದದ್ದು ಆಗಸ್ಟ್ 16ಕ್ಕೆ. 45 ದಿನ ತುಂಬುವುದು ಸೆಪ್ಟೆಂಬರ್ 30. ಸೆಪ್ಟೆಂಬರಿನ ನಾಲ್ಕನೇ ಶುಕ್ರವಾರ 27ಕ್ಕೆ ಮುಗಿದುಹೋಗಿದೆ, ಹಾಗಾಗಿ ಅಕ್ಟೋಬರಿನ ಎರಡನೇ ಶುಕ್ರವಾರಕ್ಕೆ ಕಾಯಬೇಕು. ಆ ಶುಕ್ರವಾರ ಅಕ್ಟೋಬರ್ 11, ಆಯುಧಪೂಜೆ. ಮರುದಿನ ವಿಜಯದಶಮಿ, ಅದರ ಮರುದಿನ ಭಾನುವಾರ. ನೆಫ್ಟ್ ಮತ್ತು ಆರ್‌ಟಿಜಿಎಸ್ ಈಗ ರಜೆಯಿಲ್ಲದೆ ದಿನದ 24 ಗಂಟೆಯೂ ನಡೆಯುತ್ತವೆ ನಿಜ, ಆದರೆ ಬಟನ್ ಒತ್ತಬೇಕಾದ ಅಕೌಂಟ್ಸ್ ಮ್ಯಾನೇಜರು ಊರಿಗೆ ಹೋಗಿರುತ್ತಾರೆ. ದುಡ್ಡು ಬರುವುದು ಸೋಮವಾರ 14ಕ್ಕೆ. ಬಿಲ್ಲು ಹಾಕಿ 67 ದಿನ. ಆಗಸ್ಟ್ 22ರ ಬಿಲ್ಲು 2,60,000ಕ್ಕೆ ಜಿಆರ್‌ಎನ್ ಆಗಸ್ಟ್ 30ಕ್ಕೆ ಆಗಿದೆ, 45 ದಿನ ತುಂಬುವುದು ಅಕ್ಟೋಬರ್ 14. ಶುಕ್ರವಾರ 11ರವರೆಗಿನ ಲಿಸ್ಟಿಗೆ ಅದು ಸೇರುವುದಿಲ್ಲ, 25ಕ್ಕೆ ಬರುತ್ತದೆ. ಸೆಪ್ಟೆಂಬರಿನ ಬಿಲ್ಲುಗಳು 5,40,000 ನವೆಂಬರಿನ ಮಾತು.

ಈ ದಾರಿಯಲ್ಲಿ ಇನ್ನೊಂದು ತಡೆ ಇದೆ. ನಮ್ಮ ಬಿಲ್ಲು ಖರೀದಿದಾರರ ಜಿಎಸ್‌ಟಿ ಪೋರ್ಟಲ್ಲಿನ 2ಬಿ ಪಟ್ಟಿಯಲ್ಲಿ ಕಾಣದಿದ್ದರೆ ಅವರಿಗೆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. ಅದಕ್ಕಾಗಿ ಅನೇಕ ಕಂಪನಿಗಳು ಜಿಎಸ್‌ಟಿ ಭಾಗವನ್ನೋ ಇಡೀ ಬಿಲ್ಲನ್ನೋ ತಡೆಹಿಡಿಯುತ್ತವೆ. ತಿಂಗಳ ರಿಟರ್ನ್ ಹಾಕುವವರು ಹಿಂದಿನ ತಿಂಗಳ ಬಿಲ್ಲುಗಳ ಜಿಎಸ್‌ಟಿಆರ್-1 ಅನ್ನು 11ನೇ ತಾರೀಕಿನೊಳಗೆ ಹಾಕಿದರೆ 14ಕ್ಕೆ ಸಿದ್ಧವಾಗುವ 2ಬಿಯಲ್ಲಿ ಅದು ಕಾಣುತ್ತದೆ. ತಪ್ಪಿದರೆ ಒಂದು ತಿಂಗಳು ಹಿಂದಕ್ಕೆ. ಆಡಿಟರ್ ಆಫೀಸಿನಲ್ಲಿ ಆದ ಎರಡು ದಿನದ ತಡ ಬ್ಯಾಂಕಿನಲ್ಲಿ ಹದಿನೈದು ದಿನದ ತಡವಾಗಿ ಕಾಣಿಸಿಕೊಳ್ಳುವುದು ಹೀಗೆ. ಕಾರಣ ಗೊತ್ತಿಲ್ಲದ ಮಾಲೀಕರು ಪಾರ್ಟಿಯನ್ನು ಬೈಯುತ್ತಿರುತ್ತಾರೆ.

ಮೂರನೆಯವರು ಅಕ್ಕಪಕ್ಕದ ಶೆಡ್ಡಿನ ಪಾರ್ಟಿ, ಹಳೆಯ ಪರಿಚಯ. ಬಾಕಿ 4,10,000. ಇವರಿಗೆ ಬಿಲ್ಲಿನ ತಾರೀಕಿಗೂ ದುಡ್ಡಿನ ತಾರೀಕಿಗೂ ಸಂಬಂಧವೇ ಇಲ್ಲ. ಫೋನು ಮಾಡಿದರೆ ತಿಂಗಳ ಕೊನೆಯ ಹತ್ತು ದಿನದಲ್ಲಿ ಎಷ್ಟೋ ಒಂದಿಷ್ಟು ಹಾಕುತ್ತಾರೆ. ಇಂಥವರಿಗೆ ಬಿಲ್ಲುವಾರು ದಿನ ಎಣಿಸದೆ ತಿಂಗಳುವಾರು ಬಂದದ್ದನ್ನು ನೋಡಬೇಕು. ಕಳೆದ ಆರು ತಿಂಗಳಲ್ಲಿ ಬಂದದ್ದು 90,000, 60,000, 1,20,000, 60,000, 75,000, 1,05,000. ಅತಿ ಕಡಿಮೆ 60,000. ಅಂದಾಜಿನಲ್ಲಿ ಬರೆಯಬೇಕಾದದ್ದು ಅಷ್ಟೇ, ಅದೂ ಕೊನೆಯ ವಾರದಲ್ಲಿ. ಹೆಚ್ಚಿಗೆ ಬಂದರೆ ಬರಲಿ.

ನಾಲ್ಕನೆಯದು 1,80,000. ನಾಲ್ಕು ತಿಂಗಳಿಗೂ ಹಳೆಯದು, ಮಾಲಿನ ಅಳತೆ ಸರಿಯಿಲ್ಲ ಎಂಬ ತಕರಾರಿನಲ್ಲಿ ಸಿಕ್ಕಿದೆ. ಅಂದಾಜಿನಲ್ಲಿ ಇದರ ಬೆಲೆ ಸೊನ್ನೆ. ವಸೂಲಿಗೆ ಓಡಾಡುವುದು ಬೇರೆ, ಅದನ್ನು ನೆಚ್ಚಿ ಯಾರಿಗೋ ತಾರೀಕು ಕೊಡುವುದು ಬೇರೆ. ಮಾಲೀಕರಿಗೆ ಅತ್ಯಂತ ಕಷ್ಟವಾಗುವುದು ಈ ಸೊನ್ನೆ ಬರೆಯುವುದೇ ಎಂದು ನಾನು ಗಮನಿಸಿದ್ದೇನೆ. ಬರೆಯದಿದ್ದರೆ ತಿಂಗಳ ನಡುವಿನ ಯಾವುದೋ ಕೊರತೆಯನ್ನು ಮನಸ್ಸು ಆ ದುಡ್ಡಿನಿಂದಲೇ ತುಂಬಿಸಿಬಿಡುತ್ತದೆ.

ಹೀಗೆ 20,10,000ದ ಬಾಕಿಯಲ್ಲಿ ಅಕ್ಟೋಬರಿಗೆ ಲೆಕ್ಕಕ್ಕೆ ಸಿಗುವುದು 9,40,000. ಕಾಗದದ ಮೇಲಿನ ಕ್ರೆಡಿಟ್ ದಿನಗಳನ್ನು ನಂಬಿದ್ದರೆ ಪಂಪು ಕಂಪನಿಯ ಆಗಸ್ಟ್ ಬಿಲ್ಲುಗಳೂ ವಾಲ್ವ್ ಕಂಪನಿಯದೂ ಸೇರಿ 7,20,000 ಅಕ್ಟೋಬರ್ 7ರೊಳಗೇ ಬರಬೇಕಿತ್ತು. ಅಷ್ಟರೊಳಗೆ ನಿಜವಾಗಿ ಬರುವುದು 1,40,000.

ಇನ್ನು ಕೊಡಬೇಕಾದ ಕಡೆ. ಇಲ್ಲಿ ತಾರೀಕು ಹುಡುಕುವ ಕಷ್ಟ ಕಡಿಮೆ, ಯಾವ ತಾರೀಕು ಎಷ್ಟು ಗಟ್ಟಿ ಎಂಬುದೇ ಮುಖ್ಯ. ಸಂಬಳ 1,70,000. ಕಾನೂನು ಪ್ರಕಾರ 7ನೇ ತಾರೀಕಿನೊಳಗೆ ಕೊಡಬೇಕು, ಈ ವರ್ಕ್‌ಶಾಪಿನಲ್ಲಿ 5ಕ್ಕೆ ಕೊಡುತ್ತಾರೆ. ಶೆಡ್ಡಿನ ಬಾಡಿಗೆ 55,000, ಅದೂ 5ಕ್ಕೆ. ಮೆಷಿನ್ ಸಾಲದ ಕಂತು 82,000, 10ಕ್ಕೆ ಬ್ಯಾಂಕು ತಾನೇ ಎಳೆದುಕೊಳ್ಳುತ್ತದೆ. ಆಯುಧಪೂಜೆಯ ಬೋನಸ್ಸು, ಸಿಹಿ, ಹೂವು, ಕುಂಬಳಕಾಯಿ ಎಲ್ಲ ಸೇರಿ 75,000, ಹಬ್ಬದ ಹಿಂದಿನ ದಿನ. ಇದನ್ನು ಮುಂದೂಡುವ ಮಾತೇ ಇಲ್ಲ. ಆಯುಧಪೂಜೆಗೆ ಮೆಷಿನ್ನಿಗೆ ಹೂವೇರಿಸಿ ಕೆಲಸಗಾರನ ಕೈ ಬರಿದು ಮಾಡಿದ ಮಾಲೀಕನಿಗೆ ಹಬ್ಬದ ಮೇಲೆ ಒಳ್ಳೆಯ ಆಪರೇಟರು ಉಳಿಯುವುದಿಲ್ಲ. ಕರೆಂಟ್ ಬಿಲ್ಲು 48,000, 18ರ ಹೊತ್ತಿಗೆ.

ಜಿಎಸ್‌ಟಿಯ ಸಾಲನ್ನು ಸ್ವಲ್ಪ ನಿಂತು ನೋಡಬೇಕು. ಸೆಪ್ಟೆಂಬರಿನಲ್ಲಿ 7,00,000 ರೂಪಾಯಿ ಮಾಲಿಗೆ ಬಿಲ್ಲು ಹಾಕಿ ಶೇಕಡಾ 18ರಂತೆ 1,26,000 ತೆರಿಗೆ ಸೇರಿಸಿದ್ದಾರೆ. 3,00,000 ರೂಪಾಯಿ ಖರೀದಿಯ ಮೇಲೆ ಕೊಟ್ಟ ತೆರಿಗೆ 54,000 ಕಳೆದರೆ ಕಟ್ಟಬೇಕಾದದ್ದು 72,000, ಅಕ್ಟೋಬರ್ 20ರೊಳಗೆ. ಸೆಪ್ಟೆಂಬರಿನ ಆ ಬಿಲ್ಲುಗಳಲ್ಲಿ ಪಂಪು ಕಂಪನಿಯ ಒಂದು ಪೈಸೆಯೂ ಆ ಹೊತ್ತಿಗೆ ಬಂದಿರುವುದಿಲ್ಲ. ತೆರಿಗೆ ಬಿಲ್ಲು ಹಾಕಿದ್ದಕ್ಕೆ, ದುಡ್ಡು ಬಂದಿದ್ದಕ್ಕಲ್ಲ. ಅಂದರೆ ದೊಡ್ಡ ಕಂಪನಿಯ ಪರವಾಗಿ ಸಣ್ಣ ವರ್ಕ್‌ಶಾಪು ವಾರಗಟ್ಟಲೆ ತನ್ನ ಕೈಯಿಂದ ತೆರಿಗೆ ಕಟ್ಟಿ ಕೂರುತ್ತದೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಆದರೆ ಹಾಳೆಯಲ್ಲಿ ಬರೆಯದಿದ್ದರೆ ಅನ್ಯಾಯದ ಜೊತೆ ದಂಡವೂ ಸೇರುತ್ತದೆ. ಅಕ್ಟೋಬರ್ 20 ಭಾನುವಾರ, ಹಾಗಾಗಿ ಶನಿವಾರವೇ ದುಡ್ಡು ಸಿದ್ಧವಿರಬೇಕು.

ಸಪ್ಲೈಯರ್‌ಗಳಲ್ಲಿ ಮುಖ್ಯರು ಉಕ್ಕಿನ ವ್ಯಾಪಾರಿ, 30 ದಿನದ ಕ್ರೆಡಿಟ್. ಸೆಪ್ಟೆಂಬರ್ 6ರ ಬಿಲ್ಲು 1,65,000 ಅಕ್ಟೋಬರ್ 6ಕ್ಕೆ, ಸೆಪ್ಟೆಂಬರ್ 20ರ ಬಿಲ್ಲು 1,25,000 ಅಕ್ಟೋಬರ್ 20ಕ್ಕೆ. ಗಡುವು ದಾಟಿದರೆ ವರ್ಷಕ್ಕೆ ಶೇಕಡಾ 18 ಬಡ್ಡಿ ಎಂದು ಅವರ ಬಿಲ್ಲಿನಲ್ಲೇ ಅಚ್ಚಾಗಿದೆ. ಇನ್ಸರ್ಟು, ಡ್ರಿಲ್ಲು ಕೊಡುವ ಟೂಲ್ ಡೀಲರಿಗೆ 64,000, 14ಕ್ಕೆ. ಪ್ಲೇಟಿಂಗ್ ಮಾಡಿಕೊಡುವವರಿಗೆ 38,000, ತಿಂಗಳ ಕೊನೆಗೆ. ಸಾಗಾಣಿಕೆ, ಕೂಲಂಟ್, ಚಹಾ ಮುಂತಾದ ಬಿಡಿ ಖರ್ಚು 40,000. ಕೊನೆಗೆ ಮಾಲೀಕರ ಮನೆ ಖರ್ಚು 60,000. ಇದನ್ನು ಬರೆಯದೆ ಬಿಡುವವರೇ ಹೆಚ್ಚು, ಆದರೆ ಆ ದುಡ್ಡೂ ಅದೇ ಅಕೌಂಟಿನಿಂದಲೇ ಹೋಗುತ್ತದೆ.

ಎಲ್ಲವನ್ನೂ ಅವುಗಳ ತಾರೀಕಿನಲ್ಲಿಟ್ಟರೆ ತಿಂಗಳು ಹೀಗೆ ಕಾಣುತ್ತದೆ. ಆರಂಭದ ಉಳಿಕೆ 1,85,000.

| ಅಕ್ಟೋಬರ್ | ಬರುವುದು | ಹೋಗುವುದು | ಕೊನೆಯ ಉಳಿಕೆ |
|---|---|---|---|
| 1–7 | 1,40,000 | 4,60,000 | −1,35,000 |
| 8–10 | 0 | 1,67,000 | −3,02,000 |
| 11–14 | 3,20,000 | 64,000 | −46,000 |
| 15–21 | 0 | 2,55,000 | −3,01,000 |
| 22–31 | 4,80,000 | 48,000 | 1,31,000 |

ಕೊನೆಯ ಸಾಲು ಮಾತ್ರ ನೋಡಿದರೆ ತಿಂಗಳು ಚೆನ್ನಾಗಿದೆ, 1,31,000 ಉಳಿದಿದೆ. ತಿಂಗಳಿಗೊಂದೇ ಅಂಕಿ ಬರೆಯುವ ಅಂದಾಜು ಇಲ್ಲಿಗೆ ನಿಲ್ಲುತ್ತದೆ. ಆದರೆ ನಡುವೆ ಎರಡು ಗುಂಡಿಗಳಿವೆ, 10ಕ್ಕೊಂದು, 21ಕ್ಕೊಂದು. ಈ ವರ್ಕ್‌ಶಾಪಿಗೆ ಬ್ಯಾಂಕಿನಲ್ಲಿ ಇರುವ ಓಡಿ ಮಿತಿ 2,00,000. ಎರಡು ಸಲವೂ ಸುಮಾರು ಒಂದು ಲಕ್ಷ ಮಿತಿ ದಾಟುತ್ತದೆ. ಹಾಳೆ ಇಲ್ಲದಿದ್ದರೆ ಇದು ಗೊತ್ತಾಗುವುದು 10ನೇ ತಾರೀಕು ಕಂತು ವಾಪಸ್ಸಾದ ಮೆಸೇಜು ಬಂದಾಗ. ಬೌನ್ಸ್ ಚಾರ್ಜಿಗಿಂತ ದೊಡ್ಡ ನಷ್ಟ ಸಾಲದ ದಾಖಲೆಯಲ್ಲಿ ಬೀಳುವ ಗುರುತು.

ಸೆಪ್ಟೆಂಬರ್ 30ರಂದೇ ಗೊತ್ತಾದರೆ ಮಾತಾಡಲು ಸಮಯವಿದೆ. ಹೋಗುವ ಸಾಲಿನಲ್ಲಿ ಯಾವುದು ಅಲುಗುತ್ತದೆ ನೋಡಿ. ಸಂಬಳ, ಕಂತು, ಬೋನಸ್ಸು, ಜಿಎಸ್‌ಟಿ, ಕರೆಂಟು ಅಲುಗುವುದಿಲ್ಲ. ಅಲುಗುವುದು ಉಕ್ಕು ಮತ್ತು ಮನೆ ಖರ್ಚು. ಅಕ್ಟೋಬರ್ 1ರ ಬೆಳಗ್ಗೆ ಉಕ್ಕಿನ ವ್ಯಾಪಾರಿಗೆ ಫೋನು ಹೀಗಿರಬೇಕು: “ಸರ್, ಆರನೇ ತಾರೀಕಿನ ಬಿಲ್ಲಲ್ಲಿ ಎಂಬತ್ತು ಸಾವಿರ ಏಳಕ್ಕೆ ಹಾಕ್ತೀನಿ, ಉಳಿದ ಎಂಬತ್ತೈದು ಹದಿನೈದಕ್ಕೆ. ಇಪ್ಪತ್ತರದ್ದು ಇಪ್ಪತ್ತಾರಕ್ಕೆ ಪೂರ್ತಿ. ಪಂಪಿನವರ ದುಡ್ಡು ಹದಿನಾಲ್ಕು ಮತ್ತು ಇಪ್ಪತ್ತೈದಕ್ಕೆ ಬರ್ತಿದೆ, ಬಡ್ಡಿ ಹಾಕೋದಿದ್ರೆ ಹಾಕಿ.” ಗಡುವಿಗೆ ಮೊದಲೇ ಮೊತ್ತ ಮತ್ತು ತಾರೀಕು ಎರಡನ್ನೂ ಹೇಳಿ, ಹೇಳಿದಂತೆ ನಡೆದುಕೊಳ್ಳುವ ಗಿರಾಕಿಗೆ ವ್ಯಾಪಾರಿ ಮುಂದಿನ ಲೋಡು ನಿಲ್ಲಿಸುವುದಿಲ್ಲ. ಅವರಿಗೂ ತಮ್ಮದೇ ಒಂದು ಹಾಳೆ ಇರುತ್ತದೆ, ನಮ್ಮ ತಾರೀಕು ಸಿಕ್ಕರೆ ಅದರಲ್ಲಿ ಬರೆದುಕೊಳ್ಳುತ್ತಾರೆ. ಬಡ್ಡಿ ಹಾಕಿದರೂ 85,000ಕ್ಕೆ ಒಂಬತ್ತು ದಿನ, 1,25,000ಕ್ಕೆ ಆರು ದಿನ, ಎರಡೂ ಸೇರಿ ಸುಮಾರು 750 ರೂಪಾಯಿ.

ಮನೆ ಖರ್ಚಿನಲ್ಲಿ 25,000 ಮೊದಲ ವಾರ, ಉಳಿದ 35,000 ತಿಂಗಳ ಕೊನೆಗೆ. ಇಷ್ಟು ಬದಲಾಯಿಸಿದರೆ ಅಕ್ಟೋಬರ್ 10ರ ಕೊರತೆ 1,82,000ಕ್ಕೆ ಇಳಿಯುತ್ತದೆ, 21ರದ್ದು 1,41,000ಕ್ಕೆ. ಎರಡೂ ಓಡಿ ಮಿತಿಯೊಳಗೆ. ತಿಂಗಳ ಕೊನೆಯ ಉಳಿಕೆ ಹೆಚ್ಚುಕಡಿಮೆ ಅದೇ 1,31,000, ಬಡ್ಡಿ ಹಾಕಿದರೆ ಅದಷ್ಟು ಕಡಿಮೆ. ಹೊಸ ದುಡ್ಡು ಬಂದಿಲ್ಲ, ದಿನಗಳು ಸರಿದಿವೆ ಅಷ್ಟೆ.

ಆದರೆ ಈ ಹಾಳೆ ಇಡೀ ಒಂದೇ ಕಂಬದ ಮೇಲೆ ನಿಂತಿದೆ. 9,40,000ದಲ್ಲಿ 5,80,000 ಪಂಪು ಕಂಪನಿಯದು. 14ರ 3,20,000 ಬರದೆ ಮುಂದಿನ ಲಿಸ್ಟಿಗೆ, ಅಂದರೆ 25ಕ್ಕೆ ಹೋದರೆ ಏನಾಗುತ್ತದೆ? ಈ ಪ್ರಶ್ನೆಗೆ ಎರಡನೇ ಹಾಳೆ ಬರೆದಿಡಲೇಬೇಕು. ಟೂಲ್ ಡೀಲರಿನ 64,000, ಉಕ್ಕಿನ ಉಳಿದ 85,000 ಎರಡನ್ನೂ 26ಕ್ಕೆ ತಳ್ಳಿದರೂ ಕರೆಂಟು, ಜಿಎಸ್‌ಟಿ, ಬಿಡಿ ಖರ್ಚು ಸೇರಿ 21ನೇ ತಾರೀಕು ಕೊರತೆ 3,12,000. ಮಿತಿ ಮೀರುವುದು 1,12,000. ಕೈಗೆ ಸಿಗುವ ದುಡ್ಡೆಂದು ಮೊದಲು ಕಣ್ಣು ಬೀಳುವುದು ಜಿಎಸ್‌ಟಿಯ 72,000ದ ಮೇಲೆ. ಅಲ್ಲಿ ಕೈ ಹಾಕಿದರೆ ಬಡ್ಡಿ ಮತ್ತು ಲೇಟ್ ಫೀ ಮಾತ್ರವಲ್ಲ, 3ಬಿ ರಿಟರ್ನ್ ಬಾಕಿಯಿರುವವರೆಗೂ ಮುಂದಿನ ತಿಂಗಳ ಜಿಎಸ್‌ಟಿಆರ್-1 ಹಾಕಲು ಪೋರ್ಟಲು ಬಿಡುವುದಿಲ್ಲ. ಅದು ಹಾಕದಿದ್ದರೆ ಬಿಲ್ಲು ಪಂಪು ಕಂಪನಿಯ 2ಬಿಯಲ್ಲಿ ಕಾಣುವುದಿಲ್ಲ, ಕಾಣದಿದ್ದರೆ ಅವರು ದುಡ್ಡು ತಡೆಯುತ್ತಾರೆ. ಒಂದು ತಿಂಗಳು ತೆರಿಗೆಯಲ್ಲಿ ಉಳಿಸಿದ ದುಡ್ಡು ಎರಡು ತಿಂಗಳ ವಸೂಲಿಯನ್ನು ಕಟ್ಟಿಹಾಕುತ್ತದೆ.

ಹಾಗಾಗಿ ಆ 1,12,000ಕ್ಕೆ ದಾರಿ ಅಕ್ಟೋಬರಿನ ಮೊದಲ ವಾರದಲ್ಲೇ ನೋಡಬೇಕು. ಬ್ಯಾಂಕಿನವರು ಕೆಲವು ವಾರಗಳ ಮಟ್ಟಿಗೆ ಓಡಿ ಮಿತಿ ಏರಿಸಿಕೊಡುವುದುಂಟು, ಆದರೆ ಕಾಗದ ಓಡಾಡಲು ದಿನ ಬೇಕು. 19ಕ್ಕೆ ಹೋಗಿ ಕೇಳಿದರೆ ಆಗುವುದಿಲ್ಲ. ಇನ್ನೊಂದು ದಾರಿ ಟ್ರೆಡ್ಸ್. ರಿಸರ್ವ್ ಬ್ಯಾಂಕಿನ ಅನುಮತಿಯ ಮೇಲೆ ನಡೆಯುವ ಈ ವೇದಿಕೆಗಳಲ್ಲಿ ಸಣ್ಣ ಉದ್ಯಮದ ಬಿಲ್ಲನ್ನು ಖರೀದಿದಾರ ಕಂಪನಿ ಒಪ್ಪಿದರೆ ಬ್ಯಾಂಕುಗಳು ಬಡ್ಡಿ ಹಿಡಿದುಕೊಂಡು ಮುಂಚಿತವಾಗಿ ದುಡ್ಡು ಕೊಡುತ್ತವೆ. ಕಂಪನಿ ಕೊಡದಿದ್ದರೆ ಬ್ಯಾಂಕು ವರ್ಕ್‌ಶಾಪಿನ ಬೆನ್ನು ಹತ್ತುವಂತಿಲ್ಲ. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2024ರ ನವೆಂಬರಿನಲ್ಲಿ ಆದೇಶವಾಗಿದೆ, ಅದಕ್ಕೂ ಮೊದಲು ಈ ಮಿತಿ 500 ಕೋಟಿ ಇತ್ತು. ಆದರೆ ನೋಂದಾಯಿಸಿಕೊಳ್ಳುವುದೇ ಬೇರೆ, ನಮ್ಮ ಬಿಲ್ಲನ್ನು ಅಲ್ಲಿ ಒಪ್ಪುವುದೇ ಬೇರೆ. ಒಪ್ಪಿಗೆ ಇಲ್ಲದ ಬಿಲ್ಲಿಗೆ ಅಲ್ಲಿ ದುಡ್ಡಿಲ್ಲ.

ಕಾನೂನಿನ ಮಾತೂ ಬರುತ್ತದೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮಾಲು ಒಪ್ಪಿಕೊಂಡ ದಿನದಿಂದ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ಲಿಖಿತ ಕರಾರೇ ಇಲ್ಲದಿದ್ದರೆ 15 ದಿನದಲ್ಲಿ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. 2024ರ ಅಕ್ಟೋಬರಿನಲ್ಲಿ ಆ ದರ ಶೇಕಡಾ 6.75 ಇತ್ತು, ಅಂದರೆ ಬಡ್ಡಿ ಶೇಕಡಾ 20.25. ಜೊತೆಗೆ ಆದಾಯ ತೆರಿಗೆ ಕಾಯ್ದೆ ಪ್ರಕಾರ ಗಡುವು ಮೀರಿದ ಬಾಕಿಯನ್ನು ಕಂಪನಿ ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಇದರಿಂದ ಮಾರ್ಚ್ ಕೊನೆಯಲ್ಲಿ ಹಳೆಯ ಬಿಲ್ಲುಗಳು ಸಡಿಲವಾಗುವುದನ್ನು ವರ್ಕ್‌ಶಾಪಿನವರು ಹಾಳೆಯಲ್ಲಿ ಗಮನಿಸಬಹುದು. ನಮ್ಮ ಪಂಪು ಕಂಪನಿಯ ಶುಕ್ರವಾರದ ಪದ್ಧತಿ ಈ 45 ದಿನವನ್ನು ಮೀರುತ್ತದೆ ಎಂಬುದು ಸ್ಪಷ್ಟ. ಅರ್ಧ ಕೆಲಸ ಕೊಡುವ ಕಂಪನಿಯ ಮೇಲೆ ದೂರು ಹಾಕಲು ಸಣ್ಣ ಮಾಲೀಕರು ಹಿಂಜರಿಯುತ್ತಾರೆ, ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಅದೇನೇ ಇರಲಿ, ಅಂದಾಜಿನ ಹಾಳೆಯಲ್ಲಿ ಕಾನೂನಿನ ದಿನ ಬರೆಯಬಾರದು, ದುಡ್ಡು ಬರುವ ದಿನವನ್ನೇ ಬರೆಯಬೇಕು.

14ರ ದುಡ್ಡು ಜಾರುತ್ತದೆಯೇ ಎಂದು ತಿಳಿಯಲು 14ರವರೆಗೆ ಕಾಯಬೇಕಿಲ್ಲ. ಮಾಲು ಕಳಿಸಿದ ವಾರದಲ್ಲಿ ಜಿಆರ್‌ಎನ್ ನಂಬರು ಕೇಳಿ ಬಿಲ್ಲಿನ ಪಕ್ಕ ಬರೆದುಕೊಳ್ಳುವುದು ಮೊದಲ ಎಚ್ಚರ. ನಂಬರು ಇಲ್ಲ ಎಂದರೆ ಮಾಲು ಇನ್‌ಸ್ಪೆಕ್ಷನ್ನಿನಲ್ಲಿ ನಿಂತಿದೆ ಅಥವಾ ಬಿಲ್ಲಿನ ಮೇಲಿನ ಪರ್ಚೇಸ್ ಆರ್ಡರ್ ನಂಬರು ತಪ್ಪಿದೆ ಎಂದರ್ಥ. ಎರಡನೆಯದು ಲಿಸ್ಟು ತಯಾರಾಗುವ ಹೊತ್ತಿನ ಫೋನು, ಈ ತಿಂಗಳಲ್ಲಿ 8 ಅಥವಾ 9ಕ್ಕೆ: “ಮೇಡಂ, ನಮ್ಮ ಆಗಸ್ಟ್ ಎಂಟರ ಬಿಲ್ಲು ಈ ಸಲದ ಲಿಸ್ಟಲ್ಲಿ ಇದೆಯಾ? ಹಬ್ಬ ಇರೋದ್ರಿಂದ ಯಾವತ್ತು ಬಿಡ್ತೀರಿ?” ಪೇಮೆಂಟು ಯಾವಾಗ ಎಂದು ಸುಮ್ಮನೆ ಕೇಳಿದರೆ ಆಗುತ್ತೆ ಆಗುತ್ತೆ ಎಂಬ ಉತ್ತರ ಬರುತ್ತದೆ. ಬಿಲ್ಲು ಹೆಸರಿಸಿ ಲಿಸ್ಟಿನಲ್ಲಿ ಇದೆಯೇ ಎಂದು ಕೇಳಿದರೆ ಅವರು ಕಂಪ್ಯೂಟರು ನೋಡಿ ಹೇಳಲೇಬೇಕಾಗುತ್ತದೆ. ಇಲ್ಲ ಎಂದರೆ ಆ ಕ್ಷಣ ಎರಡನೇ ಹಾಳೆ ಮೊದಲನೆಯದಾಗುತ್ತದೆ.

ಹಾಳೆಯನ್ನು ಪ್ರತಿ ಸೋಮವಾರ ತೆರೆದು, ಬಂದದ್ದನ್ನು ಬಂದ ತಾರೀಕಿಗೆ ಬದಲಾಯಿಸಿ, ಕೊನೆಗೊಂದು ವಾರ ಸೇರಿಸುತ್ತ ಹೋಗಬೇಕು. ಬರೆದ ತಾರೀಕಿಗೂ ಬಂದ ತಾರೀಕಿಗೂ ಇರುವ ವ್ಯತ್ಯಾಸವನ್ನು ಪಾರ್ಟಿವಾರು ಒಂದು ಮೂಲೆಯಲ್ಲಿ ಬರೆದಿಟ್ಟರೆ ಮೂರ್ನಾಲ್ಕು ತಿಂಗಳಲ್ಲಿ ಅದೇ ಮುಂದಿನ ಲೆಕ್ಕಕ್ಕೆ ಆಧಾರ. ವಾಲ್ವ್ ಕಂಪನಿಯ 40 ದಿನ ಸತತವಾಗಿ ಎರಡು ಬಿಲ್ಲಿಗೆ 46, 48 ಆಯಿತೆಂದರೆ ಅದು ಆಕಸ್ಮಿಕವಲ್ಲ. ಅವರ ಕಡೆ ದುಡ್ಡು ಬಿಗಿಯಾಗುತ್ತಿದೆ ಎಂಬ ಸುದ್ದಿ ಮೊದಲು ಬರುವುದು ಹೀಗೇ. ಅಂಥ ಹೊತ್ತಿನಲ್ಲಿ ಅವರ ಮುಂದಿನ ಆರ್ಡರಿಗೆ ಉಕ್ಕು ತರಿಸುವ ಮೊದಲು ಒಂದು ಮಾತು ಕೇಳಬೇಕು.

ಹೊಸ ಆರ್ಡರಿನ ಲೆಕ್ಕವೂ ಇದೇ ಹಾಳೆಯಲ್ಲಿ ಗೊತ್ತಾಗುತ್ತದೆ. ಪಂಪು ಕಂಪನಿ ತಿಂಗಳಿಗೆ ಮೂರು ಲಕ್ಷದ ಹೆಚ್ಚುವರಿ ಕೆಲಸ ಕೊಟ್ಟಿತು, ಅದಕ್ಕೆ ಒಂದೂವರೆ ಲಕ್ಷದ ರಾಡು ಬೇಕು ಎಂದುಕೊಳ್ಳಿ. ಲಾಭದ ಲೆಕ್ಕದಲ್ಲಿ ಒಳ್ಳೆಯ ಕೆಲಸ. ಆದರೆ ರಾಡಿನ ದುಡ್ಡು 30 ದಿನಕ್ಕೆ ಹೋಗುತ್ತದೆ. ರಾಡು ಬಂದು ಮಾಲಾಗಲು ಹದಿನೈದು ದಿನ, ಬಿಲ್ಲು ಹಾಕಿದ ಮೇಲೆ ಅರವತ್ತೈದು ದಿನ, ಒಟ್ಟು ಎಂಬತ್ತು ದಿನಕ್ಕೆ ಮೊದಲ ದುಡ್ಡು. ನಡುವಿನ ಐವತ್ತು ದಿನದಲ್ಲಿ ಮುಂದಿನ ತಿಂಗಳ ರಾಡಿಗೂ ಕೊಡಬೇಕು, ಬಿಲ್ಲಿನ ಜಿಎಸ್‌ಟಿಯನ್ನೂ ಕಟ್ಟಬೇಕು. ಎರಡು ಲಕ್ಷದ ಓಡಿ ಇದನ್ನು ತಡೆಯುವುದಿಲ್ಲ. ಕೆಲಸ ಹೆಚ್ಚಾದ ವರ್ಷವೇ ಒಳ್ಳೆಯ ವರ್ಕ್‌ಶಾಪುಗಳು ಉಸಿರು ಕಟ್ಟುವುದು ಈ ಕಾರಣಕ್ಕೆ. ಆರ್ಡರು ಬೇಡ ಎನ್ನಬೇಕಿಲ್ಲ. ರಾಡನ್ನು ಕಂಪನಿಯೇ ಕೊಡಲಿ, ನಾವು ಜಾಬ್ ವರ್ಕ್ ಮಾಡಿಕೊಡುತ್ತೇವೆ ಎಂದು ಕೇಳಬಹುದು. ಬಿಲ್ಲಿನ ಮೊತ್ತ ಇಳಿಯುತ್ತದೆ, ಹೂಡಬೇಕಾದ ದುಡ್ಡು ಅದಕ್ಕಿಂತ ಹೆಚ್ಚು ಇಳಿಯುತ್ತದೆ.

ಅಕ್ಟೋಬರ್ 28ಕ್ಕೆ ವಾಲ್ವ್ ಕಂಪನಿಯ 1,60,000 ಬಂದ ದಿನ ನವೆಂಬರಿನ ಮೊದಲ ಸಾಲು ಬರೆಯಬಹುದು. ಪಂಪು ಕಂಪನಿಯ ಸೆಪ್ಟೆಂಬರ್ 10ರ ಬಿಲ್ಲಿಗೆ ಜಿಆರ್‌ಎನ್ 18ಕ್ಕೆ ಆಗಿದ್ದರೆ 45 ದಿನ ತುಂಬುವುದು ನವೆಂಬರ್ 2. ಎರಡನೇ ಶುಕ್ರವಾರ ನವೆಂಬರ್ 8. ಅದಕ್ಕೆ ಮೊದಲು ಬರುವುದು ಏನೂ ಇಲ್ಲ, ಆದರೆ 5ಕ್ಕೆ ಸಂಬಳ ಮತ್ತು ಬಾಡಿಗೆ 2,25,000 ಹೋಗಬೇಕು. ಕೈಯಲ್ಲಿರುವುದು 1,31,000. ಓಡಿಯಲ್ಲಿ ಇದು ನಿಭಾಯಿಸುತ್ತದೆ, ಆದರೆ ಅಕ್ಟೋಬರ್ ಮೊದಲ ವಾರದ ಉಕ್ಕಿನ ಬಿಲ್ಲೂ ಆ ವಾರವೇ ಗಡುವಿಗೆ ಬರುತ್ತದೆ. ದೀಪಾವಳಿ ಮತ್ತು ರಾಜ್ಯೋತ್ಸವದ ರಜೆ ಶುರುವಾಗುವ ಮೊದಲೇ, 29 ಅಥವಾ 30ಕ್ಕೆ, ವ್ಯಾಪಾರಿಗೆ ಇನ್ನೊಂದು ಫೋನು ಮಾಡಿ ಆ ಬಿಲ್ಲಿಗೆ ನವೆಂಬರ್ 9ರ ತಾರೀಕು ಕೇಳಬೇಕು.